ಸಿಂಬಳದ ಬಣ್ಣ ನೋಡುವ ದೊಡ್ಡಮ್ಮ

ಬಟ್ಟೆ ಕಾರ್ಖಾನೆಯ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡಮ್ಮನದೇ ದರ್ಬಾರು. ಕೆಲಸದ ಹೆಂಗಸರು ಮಕ್ಕಳನ್ನು ಬಿಟ್ಟುಹೋಗಲು ಇದ್ದದ್ದು ಅದೊಂದೇ ಕೋಣೆ. ಬೆಳಿಗ್ಗೆ ಅವಳು ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು, ಕತ್ತರಿಸುವ ವಿಭಾಗದಿಂದ ತಂದ ಬಿಳಿ ಬಟ್ಟೆಯ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಬಂದ ಪ್ರತಿ ಮಗುವಿನ ಮೂಗಿಗೂ ಒಂದೊಂದು ಚೂರು ಹಿಡಿದು ಊದಿಸಿ, ಬೆಳಕಿಗೆ ಹಿಡಿದು ನೋಡುವಳು. ನೀರಿನಂತಿದ್ದರೆ ಮಗು ಒಳಗೆ. ಹಳದಿಯೋ ಹಸಿರೋ ಆಗಿದ್ದರೆ ಹೊರಗೆ. ಆಂಟಿಬಯೋಟಿಕ್ ಬಾಟಲಿ ತಂದು ತೋರಿಸಿದರೆ ಮಾತ್ರ ಮತ್ತೆ ಪ್ರವೇಶ.

ಈ ಶಾಸನಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಹಸಿರು ಸಿಂಬಳದ ಮಗುವೊಂದು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತ್ತು. ಆ ಮಗುವಿಗೆ ಸುಡುವ ಜ್ವರವಿತ್ತು, ಉಸಿರಾಡಲು ಒದ್ದಾಡುತ್ತಿತ್ತು, ಊಟ ಬಿಟ್ಟಿತ್ತು. ದೊಡ್ಡಮ್ಮನ ತಲೆಯಲ್ಲಿ ಉಳಿದದ್ದು ಬಣ್ಣ ಮಾತ್ರ.

ಇಸ್ತ್ರಿ ವಿಭಾಗದ ಹೆಂಗಸೊಬ್ಬಳ ಮಗಳಿಗೆ ನೆಗಡಿಯಾಯಿತು. ಮೂಗು ನಲ್ಲಿಯಂತೆ ಸುರಿಯುತ್ತಿದ್ದ ಮೊದಲ ದಿನಗಳಲ್ಲಿ, ಅಂದರೆ ಬೇರೆ ಮಕ್ಕಳಿಗೆ ಚೆನ್ನಾಗಿ ಅಂಟುವ ಹೊತ್ತಿನಲ್ಲಿ, ದೊಡ್ಡಮ್ಮ ಅವಳನ್ನು ಖುಷಿಯಿಂದಲೇ ಒಳಗೆ ಕರೆದುಕೊಂಡಳು. ಆಮೇಲೆ ಸಿಂಬಳ ಗಟ್ಟಿಯಾಗಿ ಹಸಿರಾಯಿತು. ಹುಡುಗಿ ಅಷ್ಟರಲ್ಲಿ ಚೇತರಿಸಿಕೊಂಡು ಕುಣಿಯುತ್ತಿದ್ದಳು. ಅವತ್ತು ಬಾಗಿಲು ಮುಚ್ಚಿತು.

ತಾಯಿ ರಜೆ ಹಾಕಿ ಡಾಕ್ಟರ ಬಳಿ ಓಡಿದಳು. ಅವರು ಕಿವಿ, ಗಂಟಲು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು.

"ಇದು ವೈರಸ್ ನೆಗಡಿನೇ ಕಣಮ್ಮ. ಅದರ ಜೊತೆ ಹೋರಾಡೋಕೆ ಬಿಳಿ ರಕ್ತಕಣ ಬರ್ತವಲ್ಲ, ಅವುಗಳ ಒಳಗೇ ಒಂದು ಹಸಿರು ಪದಾರ್ಥ ಇರುತ್ತೆ. ಬಣ್ಣ ಅದರದ್ದು. ಬರೀ ಬಣ್ಣ ನೋಡಿ ಬ್ಯಾಕ್ಟೀರಿಯಾ ಅಂತ ಹೇಳೋಕಾಗಲ್ಲ. ಆಂಟಿಬಯೋಟಿಕ್ ಬೇಡ. ಹತ್ತು ದಿನ ಕಳೆದ್ರೂ ಕಮ್ಮಿ ಆಗದಿದ್ರೆ, ಜೋರು ಜ್ವರ ಬಿಡದೆ ಇದ್ರೆ, ಇಲ್ಲ ವಾಸಿಯಾಗ್ತಾ ಇದ್ದದ್ದು ಮತ್ತೆ ಕೆಟ್ರೆ ಬನ್ನಿ. ಉಸಿರಾಡೋಕೆ ಕಷ್ಟಪಟ್ರೆ ಅಂತೂ ತಕ್ಷಣ ಬರ್ಬೇಕು."

ಮರುದಿನ ಅವಳು ಇದನ್ನೇ ಬಾಗಿಲಲ್ಲಿ ಒಪ್ಪಿಸಿದಳು. ದೊಡ್ಡಮ್ಮ ಬಟ್ಟೆಯ ಚೂರನ್ನು ಸಾಲಿನಲ್ಲಿದ್ದ ತಾಯಂದಿರಿಗೆಲ್ಲ ಎತ್ತಿ ತೋರಿಸಿದಳು.

"ನೋಡ್ರಮ್ಮ, ಇವಳ ಡಾಕ್ಟರ್‌ಗೆ ಇದು ಕಾಣಿಸ್ಲಿಲ್ವಂತೆ! ಕನ್ನಡಕ ಮರೆತು ಬಂದಿದ್ರೇನೋ!"

ಎಲ್ಲರೂ ನಕ್ಕರು. ನಗದಿದ್ದರೆ ನಾಳೆ ತಮ್ಮ ಮಗುವಿನ ಮೂಗಿಗೂ ಅದೇ ಗತಿ ಎಂದು ಅವರಿಗೆ ಗೊತ್ತಿತ್ತು.

"ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೂ ಹೋಗದಿದ್ರೆ ಸೂಪರ್‌ವೈಸರ್ ಕೆಲಸದಿಂದ ತೆಗೀತೀನಿ ಅಂದಿದಾರೆ."

"ಬಾಟಲಿ ತಗೊಂಡು ಬಾ, ಆಮೇಲೆ ಕಾಲಿಗೆ ಬೀಳುವಿಯಂತೆ."

ತಾಯಿ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಚೀಟಿ ಕೇಳಲಿಲ್ಲ, ಬಣ್ಣ ಕೇಳಿದ. ಹಸಿರು ಎಂದದ್ದೇ ಆಂಟಿಬಯೋಟಿಕ್ ಸಿರಪ್ ಕೊಟ್ಟ. ರಸ್ತೆಯಲ್ಲೇ ಒಂದು ಚಮಚ ಕುಡಿಸಿ, ಬಾಟಲಿ ತೋರಿಸಿ, ಮಗುವನ್ನು ಒಳಗೆ ಬಿಟ್ಟು ಅವಳು ಇಸ್ತ್ರಿ ಮೇಜಿಗೆ ಓಡಿದಳು. ಸಿಂಬಳ ಅಷ್ಟೇ ಹಸಿರಾಗಿತ್ತು. ದೊಡ್ಡಮ್ಮ ಈ ಸಲ ಮೂಗು ನೋಡಲೇ ಇಲ್ಲ. ತನ್ನ ಮಾತು ನಡೆಯಿತಲ್ಲ, ಅಷ್ಟು ಸಾಕಾಗಿತ್ತು ಆ ಮಹಾತಾಯಿಗೆ.

ರಾತ್ರಿ ಇನ್ನೊಂದು ಚಮಚ ಕೊಟ್ಟಳು. ಮರುದಿನ ಮಗುವನ್ನು ಒಳಗೆ ಬಿಟ್ಟುಹೋದ ಮೇಲೆ ಅದಕ್ಕೆ ಭೇದಿ ಹಿಡಿಯಿತು. ಶಿಶುವಿಹಾರದ ಚಾಪೆಯೆಲ್ಲ ಹೊಲಸಾಯಿತು. ದೊಡ್ಡಮ್ಮ ಕಾರ್ಖಾನೆಯೊಳಕ್ಕೇ ಹೋಗಿ, ಉಗಿಯ ನಡುವೆ ನಿಂತಿದ್ದ ತಾಯಿಯನ್ನು ಎಲ್ಲರೆದುರು ಕೂಗಿ ಕರೆದಳು.

"ನಿನ್ನ ಮಗಳ ಗಲೀಜು ಬಳಿಯೋಕೆ ನಾನೇನು ಜೀತಕ್ಕಿದೀನಾ? ಮೊದಲು ಕರ್ಕೊಂಡು ಹೋಗು!"

ಸೂಪರ್‌ವೈಸರ್ ತಲೆಯೆತ್ತಿ ನೋಡಿ, "ಹೋದೋಳು ಹಾಗೇ ಹೋಗ್ಬಿಡು," ಎಂದ. ಅವಳ ಮೇಜಿಗೆ ಆಗಲೇ ಇನ್ನೊಬ್ಬಳು ಬಂದಿದ್ದಳು.

ಡಾಕ್ಟರು ಸಿರಪ್ ನಿಲ್ಲಿಸಿದರು. ಭೇದಿ ನಿಂತಿತು. ನೆಗಡಿ ತನ್ನ ಅವಧಿ ಮುಗಿಸಿಕೊಂಡು ತಾನಾಗಿಯೇ ಹೋಯಿತು. ತಾಯಿ ಕಾರ್ಖಾನೆ ತುಂಬ ಓಡಾಡಿ, ಅತ್ತು ಕರೆದು, ಅಲ್ಲೇ ಕಸ ಗುಡಿಸುವ ಕೆಲಸ ಗಿಟ್ಟಿಸಿಕೊಂಡಳು. ಮಗುವನ್ನು ಎತ್ತಿಕೊಂಡು ಅವಳು ಮತ್ತೆ ಆ ಸ್ಟೂಲಿನ ಮುಂದೆ ನಿಂತಳು.

ದೊಡ್ಡಮ್ಮ ಮೂಗು ಊದಿಸಿದಳು. ಬಟ್ಟೆ ಬೆಳ್ಳಗೇ ಉಳಿಯಿತು.

"ನೋಡಿದ್ಯಾ? ಔಷಧಿ ಹಾಕಿದ್ದಕ್ಕೆ ಹೇಗೆ ಹೋಯ್ತು!"

"ಎರಡೇ ಚಮಚ ದೊಡ್ಡಮ್ಮ. ಆಮೇಲೆ ನಿಲ್ಲಿಸಿಬಿಟ್ಟೆ."

"ಎರಡೇ ಚಮಚಕ್ಕೆ ಹೋಯ್ತು ಅನ್ನು! ಮೊದಲ ದಿನಾನೇ ನನ್ನ ಮಾತು ಕೇಳಿದ್ರೆ ನಿನ್ನ ಇಸ್ತ್ರಿ ಕೆಲಸ ಉಳೀತಿತ್ತು."

ತಾಯಿಗೆ ಪೊರಕೆಯ ಕೆಲಸಕ್ಕೂ ಈ ಬಾಗಿಲು ಬೇಕಿತ್ತು.

"ಹೌದು ದೊಡ್ಡಮ್ಮ. ನಂದೇ ತಪ್ಪು," ಎಂದಳು.

"ಇವರಿಗೂ ಹೇಳು. ಜೋರಾಗಿ ಹೇಳು."

ಅವಳು ಸಾಲಿನ ಕಡೆ ತಿರುಗಿ ಜೋರಾಗಿ ಹೇಳಿದಳು. ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.