ಕೆಂಪಿಯ ಕೊರಳ ಗಂಟೆ

ಮಲೆನಾಡಿನ ನಾರ್ವೆ ಹಳ್ಳಿಯ ಹತ್ತಿರದ ಆ ನಾಲ್ಕಾರು ಮನೆಗಳ ದನಗಳಿಗೆ ಕಾಯುವವರು ಬೇಕಿರಲಿಲ್ಲ, ಹೊನ್ನಕ್ಕನ ಹಸು ಕೆಂಪಿ ಇದ್ದಳು. ಬೆಳಿಗ್ಗೆ ಅವಳ ಕೊರಳಿನ ಮರದ ಗಂಟೆ ಲೊಟಲೊಟ ಎಂದರೆ ಸಾಕು, ಪಕ್ಕದ ಮನೆಯ ವಾಸಪ್ಪಗೌಡರ ಜರ್ಸಿಗಳೂ ದೊಡ್ಡಸ್ತಿಕೆ ಬಿಟ್ಟು ಅವಳ ಹಿಂದೆ ಬ್ಯಾಣಕ್ಕೆ ಮೇಯಲು ಹೊರಡುತ್ತಿದ್ದವು. ಸಂಜೆ ಅದೇ ಸದ್ದಿನ ಹಿಂದೆ ಮನೆಗೆ ಬರುತ್ತಿದ್ದವು. ಹೊನ್ನಕ್ಕ ಗಂಡನನ್ನು ಕಳೆದುಕೊಂಡು ಕಂಡವರ ತೋಟದಲ್ಲಿ ಕೂಲಿ ಮಾಡುವವಳು. ಊರಲ್ಲಿ ಅವಳದೆಂದು ಒಂದು ಹೆಚ್ಚುಗಾರಿಕೆ ಇದ್ದರೆ ಅದು ಆ ಗಂಟೆ. ಅದರ ಸುದ್ದಿಗೆ ಯಾರಾದರೂ ಬಂದರೆ ಅವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಮಳೆ ಹಿಂದೆ ಸರಿದು ನೊಣ, ಉಣ್ಣೆ ಹೆಚ್ಚಾದ ಕಾಲದಲ್ಲಿ ಒಂದು ಬೆಳಿಗ್ಗೆ ಕೆಂಪಿ ಕಲಗಚ್ಚಿಗೆ ಮೂತಿಯನ್ನೇ ಹಾಕಲಿಲ್ಲ. ಮೈ ಸುಡುತ್ತಿತ್ತು. ಕಣ್ಣು, ಮೂಗು, ಬಾಯಿ ಎಲ್ಲ ಸೋರುತ್ತಿದ್ದವು. ಮರುದಿನ ನೋಡಿದರೆ ಕುತ್ತಿಗೆ, ಬೆನ್ನು, ಕೆಚ್ಚಲ ಮೇಲೆಲ್ಲ ತೊಗಲ ಕೆಳಗೆ ಅಡಿಕೆ ತುಂಬಿಟ್ಟ ಹಾಗೆ ಗಂಟುಗಳು. ಮುಂಗಾಲು ಬಾತುಕೊಂಡಿತ್ತು.

ಪಶು ಆಸ್ಪತ್ರೆಯಿಂದ ಬಂದ ಡಾಕ್ಟರ್ ಗಂಗಾಂಬಿಕೆ ಹಸುವಿನ ಮೈ ಸವರಿ ನೋಡಿದರು. "ಚರ್ಮಗಂಟು ರೋಗ ಹೊನ್ನಕ್ಕ. ವೈರಸ್ಸಿದು, ಇದನ್ನೇ ಕೊಲ್ಲೋ ಮದ್ದಿಲ್ಲ. ಜ್ವರ, ನೋವಿಗೆ ಇಂಜೆಕ್ಷನ್ ಕೊಡ್ತೀನಿ, ಹುಣ್ಣು ಕೀವಾಗದ ಹಾಗೆ ಇನ್ನೊಂದು. ಮಿಕ್ಕಿದ್ದು ನಿಮ್ಮ ಕೈಲಿ."

"ಬದುಕ್ತಾಳಾ ಡಾಕ್ಟ್ರಮ್ಮಾ?"

"ತಿಂದ್ರೆ ಬದುಕ್ತಾಳೆ. ಹೆಚ್ಚಿನವು ಬದುಕ್ತಾವೆ. ಆದ್ರೆ ನೊಣ, ಸೊಳ್ಳೆ, ಉಣ್ಣೆ ಕಚ್ಚಿ ಇದು ಹರಡ್ತದೆ. ಇವಳನ್ನ ದೂರ ಕಟ್ಟಿ. ಸದ್ಯಕ್ಕೆ ಯಾರೂ ಬ್ಯಾಣಕ್ಕೆ ದನ ಬಿಡೋ ಹಾಗಿಲ್ಲ."

ಪಕ್ಕದ ಮನೆಗಳ ದನಗಳಿಗೆ ಅವತ್ತೇ ಲಸಿಕೆಯಾಯಿತು. ಅದರ ಬಲ ಬರಲು ಮೂರು ವಾರವಾದರೂ ಬೇಕು, ಅಲ್ಲಿಯವರೆಗೆ ಜೋಪಾನ ಎಂದರು ಡಾಕ್ಟರು. ಕೆಂಪಿಯ ಮಗಳು, ಚೊಚ್ಚಲ ಗಬ್ಬದ ಕಡಸು ಪುಟ್ಟಿಗೆ ಮಾತ್ರ ಲಸಿಕೆ ಹಾಕಲಿಲ್ಲ. ಒಂದೇ ಕೊಟ್ಟಿಗೆಯಲ್ಲಿದ್ದವಳು, ರೋಗ ಆಗಲೇ ಒಳಗೆ ಸೇರಿದ್ದರೂ ಸೇರಿರಬಹುದು. ದಿನಾ ಜ್ವರ ನೋಡುತ್ತಿರಬೇಕು.

ಕೆಂಪಿಯನ್ನು ಗುಡ್ಡದ ಬದಿಯ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದರು. ಅವಳಿಗೇ ಬೇರೆ ಬಕೆಟ್ಟು, ಬೇರೆ ಹಗ್ಗ. ಹೊನ್ನಕ್ಕ ಮೊದಲು ಪುಟ್ಟಿಯ ಕೆಲಸ ಮುಗಿಸಿ ಆಮೇಲೆ ಇತ್ತ ಬರುವಳು. ಲಕ್ಕಿಸೊಪ್ಪಿನ ಹೊಗೆ ಹಾಕುವಳು, ಒಡೆದ ಗಂಟುಗಳನ್ನು ಉಪ್ಪುನೀರಲ್ಲಿ ತೊಳೆದು ಅರಿಸಿನ, ಬೇವಿನೆಣ್ಣೆ ಹಚ್ಚುವಳು. ವೀಳ್ಯದೆಲೆ, ಕಾಳುಮೆಣಸು, ಉಪ್ಪು, ಬೆಲ್ಲ ಅರೆದು ನೆಕ್ಕಿಸುವಳು. ಗಂಜಿ ಕುಡಿಸುವಾಗ ಮಾತ್ರ ಬೈಗುಳ ಶುರು: "ಕುಡಿಯೇ ಮಾರಾಯ್ತಿ, ನಿನ್ನ ಸೊಕ್ಕು ನನ್ನ ಹತ್ರ ಬೇಡ." ಬೈಯುತ್ತಲೇ ಕಣ್ಣೊರೆಸಿಕೊಳ್ಳುವಳು. ಕೊನೆಗೆ ಸೋಪು ಹಚ್ಚಿ ಕೈಕಾಲು ತೊಳೆದು ಸೀರೆ ಬದಲಿಸಿಯೇ ಮನೆ ಸೇರುವಳು.

ಇಷ್ಟೆಲ್ಲ ಮಾಡಿದವಳು ಗಂಟೆಯೊಂದನ್ನು ಮಾತ್ರ ಬಿಚ್ಚಿರಲಿಲ್ಲ. ನೊಣ ಕೂತಾಗಲೆಲ್ಲ ಕೆಂಪಿ ತಲೆ ಒದರುವಳು, ಗಂಟೆ ಲೊಟಗುಟ್ಟುವುದು. ಒಂದು ಮಧ್ಯಾಹ್ನ ಹೊನ್ನಕ್ಕ ಹುಲ್ಲು ಹೊತ್ತು ಬಂದರೆ, ಪುಟ್ಟಿ ಹಗ್ಗ ಕಿತ್ತುಕೊಂಡು ಬಂದು ಸೌದೆ ಕೊಟ್ಟಿಗೆಗೆ ಮೈ ಒರಗಿಸಿ ನಿಂತಿದ್ದಾಳೆ. ಬೇಲಿಯಾಚೆ ಗೌಡರ ಜರ್ಸಿಯೂ ಹಾಜರು!

ಅದನ್ನು ಹಿಡಿಯಲು ಓಡಿಬಂದ ವಾಸಪ್ಪಗೌಡರು ಏದುಸಿರು ಬಿಡುತ್ತ ಕೂಗಿದರು. "ಆ ಗಂಟೆ ಬಿಚ್ಚು ಮಾರಾಯ್ತಿ! ಅದು ಎಲ್ಲವನ್ನೂ ಕರೀತಾ ಇದೆ."

"ಸತ್ತ ದನದ ಗಂಟೆ ಬಿಚ್ಚೋದು ಗೌಡ್ರೇ. ನನ್ನ ಕೆಂಪಿ ಇನ್ನೂ ಉಸಿರಾಡ್ತಿದಾಳೆ."

ಅವಳ ಮನೆಯಲ್ಲಿ ಹಿಂದಿನಿಂದ ನಡೆದುಬಂದದ್ದೇ ಹಾಗೆ. ಬಿಚ್ಚಿದ ಗಂಟೆ ಮತ್ತೆ ಅದೇ ಕೊರಳಿಗೆ ಬರುವುದಿಲ್ಲ. ಗೌಡರು ಪುಟ್ಟಿಯ ಕಡೆ ಕೈ ತೋರಿದರು. ಪುಟ್ಟಿ ಕೊಟ್ಟಿಗೆಯ ಬಿದಿರುಗಳದ ಸಂದಿಯಲ್ಲಿ ನಾಲಗೆ ಚಾಚಿ ತಾಯಿಯ ಹುಣ್ಣು ನೆಕ್ಕಲು ಹವಣಿಸುತ್ತಿದ್ದಳು. ಹೊನ್ನಕ್ಕ ಅವಳನ್ನು ಎಳೆದೊಯ್ದು ಕಟ್ಟಿಬಂದು, ಕೆಂಪಿಯ ಕೊರಳ ಗಂಟೆ ಬಿಚ್ಚಿದಳು. ತನ್ನ ಹಸುವನ್ನು ತಾನೇ ಮಣ್ಣು ಮಾಡಿದ ಹಾಗನ್ನಿಸಿತು. ಗಂಟೆಯನ್ನು ಸೋಪಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿ, ಅವತ್ತು ಊಟ ಮಾಡದೆ ಮಲಗಿದಳು.

ಸದ್ದು ನಿಂತಿತು, ಯಾವ ದನವೂ ಮತ್ತೆ ಅತ್ತ ಸುಳಿಯಲಿಲ್ಲ. ಪುಟ್ಟಿಗೆ ಜ್ವರ ಬರಲಿಲ್ಲ. ಕೆಂಪಿ ಎಲುಬಿನ ಗೂಡಾದಳು, ಹಾಲು ಬತ್ತಿತು, ಆದರೆ ಗಂಜಿ ಕುಡಿದಳು. ವಾರಗಳು ಕಳೆದು ಹಕ್ಕಳೆ ಉದುರಿ ಹುಣ್ಣು ಮಾಗಿದ ಮೇಲೆ, ಡಾಕ್ಟರು ಇನ್ನು ಬಿಡಬಹುದು ಎಂದರು.

ಮರುದಿನ ಬೆಳಿಗ್ಗೆ ಎಲ್ಲ ದನಗಳೂ ಓಣಿಗೆ ಬಂದು ಸುಮ್ಮನೆ ನಿಂತವು. ಮುಂದೆ ಹೋಗುವವರು ಯಾರು? ಹೊನ್ನಕ್ಕ ಗಂಟೆ ತಂದು, ಮುಖ ಗಟ್ಟಿ ಮಾಡಿಕೊಂಡು, ಪುಟ್ಟಿಯ ಕೊರಳಿಗೆ ಎತ್ತಿದಳು. ಕಲೆ ತುಂಬಿದ ಕೆಂಪಿ ಅಷ್ಟರಲ್ಲಿ ಮಗಳನ್ನು ಪಕ್ಕೆಯಿಂದ ತಳ್ಳಿ ನಡುವೆ ಬಂದಳು. ಹೊನ್ನಕ್ಕನ ಮುಂದೆ ಕತ್ತು ಚಾಚಿ ನಿಂತಳು.

"ಕಟ್ಟು ಹೊನ್ನಕ್ಕ," ಎಂದರು ಗೌಡರು ಮೆಲ್ಲಗೆ. "ಅವಳಿಗೆ ನಿಮ್ಮ ಮನೆ ಶಾಸ್ತ್ರ ಎಂತ ಗೊತ್ತು?"

ಸೊರಗಿದ ಕೊರಳಿಗೆ ಹಗ್ಗ ಸಡಿಲವಾಗಿತ್ತು. ಹೊನ್ನಕ್ಕ ಅದನ್ನು ಬಿಗಿಮಾಡಿ ಹೊಸ ಗಂಟು ಹಾಕಿದಳು. ಕೆಂಪಿ ಒಮ್ಮೆ ತಲೆ ಒದರಿ ನಡೆದಳು, ಸಾಲು ಹಿಂದೆ ಹೊರಟಿತು. ಹೊನ್ನಕ್ಕ ಅಲ್ಲೇ ಓಣಿಯ ಮಣ್ಣಲ್ಲಿ ಕೂತು, ಗಂಟೆಯ ಸದ್ದು ಬ್ಯಾಣದ ಏರಿನಲ್ಲಿ ಕರಗುವವರೆಗೂ ಗೌಡರ ಎದುರೇ ಅತ್ತಳು.