ಕಡಬಿಗೆ ಕಮಲಾಕ್ಷಮ್ಮ ಆರಿಸಿದ ಊಟ

ತುಮಕೂರಿನ ಕಮಲಾಕ್ಷಮ್ಮನವರ ಅಡುಗೆಮನೆಗೆ ಅಂಗಡಿಯ ಯಾವ ಪೊಟ್ಟಣವೂ ವಿಚಾರಣೆಯಿಲ್ಲದೆ ಒಳಗೆ ಬಂದದ್ದಿಲ್ಲ. ಬಿಸ್ಕತ್ತಾದರೂ ಸರಿ, ಸೂಪಿನ ಪುಡಿಯಾದರೂ ಸರಿ, ಹಿಂದೆ ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಸಿರು ಚುಕ್ಕಿ ಇದೆಯೇ, ಈರುಳ್ಳಿ ಬೆಳ್ಳುಳ್ಳಿ ಸೇರಿದೆಯೇ ಎಂದು ಓದಿಯೇ ಒಳಗೆ ಬಿಡುವುದು. ವ್ರತ ನೇಮದ ಮನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವರು; ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದರು. ಮಗ ರಘುನಂದನ, "ಅಮ್ಮನದು ಕಸ್ಟಮ್ಸ್ ಚೆಕ್ಕಿಂಗ್" ಎಂದು ನಗುತ್ತಿದ್ದ.

ಇಂಥ ಮನೆಗೆ ಒಂದು ಬೆಕ್ಕಿನ ಮರಿ ಬಂತು. ಸೊಸೆ ಶ್ರೀರಂಜನಿ ಕಡಬದ ನೆಂಟರ ಮನೆಯಿಂದ ವಾಪಸು ಬರುವಾಗ ಕೆರೆ ಏರಿಯ ಮೇಲೆ ಮೈಯೆಲ್ಲ ಕೆಸರು ಮಾಡಿಕೊಂಡು ಅರಚುತ್ತಿದ್ದ ಮರಿಯನ್ನು ದುಪಟ್ಟಾದಲ್ಲಿ ಸುತ್ತಿ ತಂದಳು. ಎರಡು ದಿನ ಇಟ್ಟುಕೊಂಡು ಯಾರಿಗಾದರೂ ಕೊಡುವುದೆಂದು ಮಾತಾಯಿತು. ಆದರೆ ಮರುದಿನ ಬೆಳಿಗ್ಗೆ ಅದು ಕಮಲಾಕ್ಷಮ್ಮನವರ ಸೀರೆಯ ನೆರಿಗೆಯಲ್ಲಿ ಮಲಗಿಬಿಟ್ಟಿತ್ತು. ಅವರೇ ಅದಕ್ಕೆ ಕಡಬಿ ಎಂದು ಹೆಸರಿಟ್ಟರು. ಕೊಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮನೆಯಲ್ಲಿದ್ದುದೇ ಅದಕ್ಕೂ ಊಟ: ಬಟ್ಟಲು ತುಂಬ ಹಸುವಿನ ಹಾಲು, ಮೊಸರನ್ನ, ಮೇಲೊಂದಿಷ್ಟು ತುಪ್ಪ. "ಮಗೂಗಿಂತ ಚೆನ್ನಾಗಿ ನೋಡ್ಕೋತಿದೀನಿ" ಎಂದು ಕಮಲಾಕ್ಷಮ್ಮ ಹೇಳಿಕೊಳ್ಳುತ್ತಿದ್ದರು. ತಿಂಗಳುಗಳು ಕಳೆದವು. ಕಡಬಿ ಉದ್ದವಾಯಿತು, ಆದರೆ ಮೈ ತುಂಬಲಿಲ್ಲ. ತುಪ್ಪಳ ಮಂಕಾಗಿ ಉದುರತೊಡಗಿತು. ಹೊಟ್ಟೆ ಸದಾ ಕೆಟ್ಟಿರುತ್ತಿತ್ತು. ಕಿಟಕಿಯ ಕಟ್ಟೆಗೆ ಒಂದೇ ನೆಗೆತಕ್ಕೆ ಹತ್ತುತ್ತಿದ್ದದ್ದು ಕೆಳಗೇ ಕೂತು ಮೇಲೆ ನೋಡುವಂತಾಯಿತು. ರಘು ಅಂಗಡಿಯಿಂದ ಸಾಕುಪ್ರಾಣಿಗಳಿಗೆಂದು ಮಾಡಿದ, ಹಸಿರು ಚುಕ್ಕಿಯ ಸಸ್ಯಾಹಾರಿ ಕಾಳಿನ ಪೊಟ್ಟಣ ತಂದ. ಚುಕ್ಕಿ ಕಂಡು ಕಮಲಾಕ್ಷಮ್ಮನವರಿಗೆ ಹಾಲು ಕುಡಿದಷ್ಟು ಸಂತೋಷ; ಮುಂದಕ್ಕೆ ಓದಲೇ ಇಲ್ಲ. ಕಡಬಿ ಮೂಸಿ ನೋಡಿ ಮುಖ ತಿರುಗಿಸಿತು.

ಕೊನೆಗೆ ಪಶುವೈದ್ಯೆ ಡಾಕ್ಟರ್ ಶೃತಿಯ ಬಳಿ ಕರೆದುಕೊಂಡು ಹೋದರು. ಅವಳು ಕಡಬಿಯ ಬೆನ್ನುಮೂಳೆ ಸವರಿ, ಎದೆಗೆ ಸ್ಟೆತ್ ಇಟ್ಟು, ಕಣ್ಣಿಗೆ ಲೈಟ್ ಬಿಟ್ಟು ನೋಡಿದಳು.

"ಏನು ಕೊಡ್ತಿದೀರಮ್ಮ?"

ಕಮಲಾಕ್ಷಮ್ಮ ಹೆಮ್ಮೆಯಿಂದಲೇ ಎಲ್ಲ ಹೇಳಿ, ಪೊಟ್ಟಣವನ್ನೂ ಚೀಲದಿಂದ ತೆಗೆದಿಟ್ಟರು.

"ಅಮ್ಮ, ಇದು ನಾಯಿ ಫುಡ್ಡು. ನಾಯಿಗಾದ್ರೆ ಹೇಗೋ ನಡೆಯತ್ತೆ, ಬೆಕ್ಕಿಗೆ ಆಗಲ್ಲ. ಬೆಕ್ಕು ಮಾಂಸ ತಿಂದೇ ಬದುಕೋ ಜೀವ. ಟಾರಿನ್ ಅಂತ ಒಂದಿದೆ, ಅದು ಮಾಂಸದಲ್ಲಿ ಸಿಗೋದು. ಬೆಕ್ಕಿನ ಮೈಯಲ್ಲಿ ಅದು ಸಾಕಾಗೋಷ್ಟು ತಯಾರಾಗಲ್ಲ. ಬಹಳ ದಿನ ಸಿಗದಿದ್ರೆ ಕಣ್ಣು ಹೋಗತ್ತೆ, ಹಾರ್ಟು ವೀಕ್ ಆಗತ್ತೆ. ಹಾಲೂ ನಿಲ್ಸಿ, ಹೊಟ್ಟೆ ಕೆಡ್ತಿರೋದು ಅದಕ್ಕೇ."

"ನಾನೇ ಕೆಡಿಸ್ದೆ ಅನ್ನು."

"ಹಾಗಲ್ಲಮ್ಮ. ಸರಿಯಾದ ಟೈಮಿಗೆ ಬಂದಿದೀರಿ. ಕಣ್ಣು, ಎದೆ ಎರಡೂ ಈಗ ಚೆನ್ನಾಗೇ ಇದೆ. ಇನ್ನೊಂದು ಮಾತು, ಈರುಳ್ಳಿ ಬೆಳ್ಳುಳ್ಳಿ ಪುಡಿ ರೂಪದಲ್ಲೂ ಬೇಡ. ರಕ್ತದ ಕಣ ಒಡೆಯತ್ತೆ."

ಮನೆಗೆ ಬಂದವರೇ ಕಮಲಾಕ್ಷಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತುಬಿಟ್ಟರು. ಈ ಮನೆಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಶ್ರೀರಂಜನಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅತ್ತೆ, ನಿಮಗೆ ಕಷ್ಟ ಆಗೋದಾದ್ರೆ ಬೇರೆಯವರಿಗೆ ಕೊಡೋಣ. ನನ್ನ ಫ್ರೆಂಡ್ ಒಬ್ಬಳು ತಗೋತೀನಿ ಅಂದಿದಾಳೆ."

ಕಡಬಿ ಅವರ ಕಾಲಿಗೆ ಬೆನ್ನು ಉಜ್ಜುತ್ತಿತ್ತು. ಅದರ ಮೂಳೆ ಅವರಿಗೆ ಚರ್ಮದ ಮೇಲೆ ಗೊತ್ತಾಗುತ್ತಿತ್ತು.

"ನನ್ನ ಮಡಿ ನನ್ನದು ಕಣೇ, ಅದಕ್ಯಾಕೆ ಹೊರಿಸ್ಲಿ?" ಎಂದರು ಕಮಲಾಕ್ಷಮ್ಮ. "ಹಿತ್ತಿಲಲ್ಲಿ ಬೇರೆ ತಟ್ಟೆ, ಬೇರೆ ಚಮಚ ಇಡು. ಅಂಗಡಿಗೆ ನಾನೂ ಬರ್ತೀನಿ."

ಸಾಕುಪ್ರಾಣಿಗಳ ಆಹಾರದ ಅಂಗಡಿ ರಂಗನಾಥ್ ಎಂಬವನದು. ಒಂದು ಗೋಡೆಯ ತುಂಬ ಬೆಕ್ಕು ನಾಯಿಗಳ ಬಣ್ಣದ ಚಿತ್ರಗಳು. ಅವನು ದೊಡ್ಡ ಒಣ ಕಾಳಿನ ಚೀಲ ಎತ್ತಿಟ್ಟು, ಪಕ್ಕದಲ್ಲಿದ್ದ ಮಾಂಸದ ಗ್ರೇವಿಯ ಸಣ್ಣ ಪೌಚನ್ನು ತೋರಿಸಿದ. "ಇದೇ ತಗೊಳಿ ಅಮ್ಮ, ಮೂವತ್ತು ಪರ್ಸೆಂಟ್ ಪ್ರೋಟೀನು. ಈ ಗ್ರೇವಿ ಪೌಚಲ್ಲಿ ಏನೂ ಇಲ್ಲ, ಬರೀ ಎಂಟು."

ಶ್ರೀರಂಜನಿ ಸರಿಯೆಂದು ತಲೆಯಾಡಿಸಿದಳು. ಕಮಲಾಕ್ಷಮ್ಮ ಕನ್ನಡಕ ಇಳಿಸಿ ಎರಡನ್ನೂ ತಿರುಗಿಸಿ ಅಕ್ಕಪಕ್ಕ ಇಟ್ಟು ಓದಿದರು. ಪ್ರೋಟೀನಿನ ಕೆಳಗೇ ತೇವಾಂಶವನ್ನೂ ಬರೆದಿತ್ತು. ಪೌಚಿನಲ್ಲಿ ಎಂಬತ್ತೆರಡು, ಒಣ ಕಾಳಿನಲ್ಲಿ ಹತ್ತು.

"ರಂಜನಿ, ಇದು ನೀರುಮಜ್ಜಿಗೆ ಲೆಕ್ಕ ಅಲ್ವೇನೇ? ನೂರರಲ್ಲಿ ಎಂಬತ್ತೆರಡು ನೀರು ಹೋದ್ರೆ ಉಳಿಯೋದೇ ಹದಿನೆಂಟು. ಆ ಹದಿನೆಂಟರಲ್ಲಿ ಎಂಟು ಪ್ರೋಟೀನ್ ಅಂದ್ರೆ ಹತ್ತಿರ ಹತ್ತಿರ ಅರ್ಧ ಆಯ್ತು. ಒಣದ್ರಲ್ಲಿ ತೊಂಬತ್ತಕ್ಕೆ ಮೂವತ್ತು. ಮೂರರಲ್ಲೊಂದು ಪಾಲು."

ಶ್ರೀರಂಜನಿ ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಪೌಚಿನದು ನಲವತ್ತನಾಲ್ಕು, ಒಣದು ಮೂವತ್ತಮೂರು. "ಅತ್ತೆ, ಸರಿಯಾಗಿದೆ!" ಎಂದು ಅವರ ತೋಳು ಹಿಡಿದುಕೊಂಡಳು.

ಕಮಲಾಕ್ಷಮ್ಮ ಅಲ್ಲಿಗೇ ನಿಲ್ಲಲಿಲ್ಲ. ಯಾವುದು ಹೆಚ್ಚಿರುತ್ತದೋ ಅದನ್ನೇ ಮೊದಲು ಬರೆದಿರುತ್ತಾರೆ ಎಂಬುದು ಬಿಸ್ಕತ್ತಿನ ಪೊಟ್ಟಣಗಳಿಂದ ಅವರಿಗೆ ಗೊತ್ತಿತ್ತು. ಆ ದೊಡ್ಡ ಚೀಲದಲ್ಲಿ ಮೊದಲ ಹೆಸರೇ ಮೆಕ್ಕೆಜೋಳ, ಆಮೇಲೆ ಸೋಯಾ, ಕೋಳಿ ಎಲ್ಲೋ ಹಿಂದೆ. "ಮೂವತ್ತರಲ್ಲಿ ಜೋಳದ್ದೆಷ್ಟು, ಕೋಳಿದೆಷ್ಟೋ" ಎಂದು ಅದನ್ನು ಪಕ್ಕಕ್ಕಿಟ್ಟರು. ರಂಗನಾಥ್ ಬೇಸರಿಸದೆ ಇನ್ನೊಂದು ಕಾಳಿನ ಪೊಟ್ಟಣ ತಂದ. ಕೋಳಿ ಮೊದಲು, ಮೀನು ಆಮೇಲೆ, ಟಾರಿನ್ ಹೆಸರು ಸ್ಪಷ್ಟವಾಗಿ, ಸಂಪೂರ್ಣ ಆಹಾರ ಎಂಬ ಮಾತೂ ಇತ್ತು. ಅದೂ ಪೌಚುಗಳೂ ಆಯ್ಕೆಯಾದವು.

"ರುಚಿ ಹತ್ತೋಕೆ ಮೇಲೆ ಇದನ್ನ ಉದುರ್ಸಿ ಅಮ್ಮ, ಎಲ್ಲಾರೂ ತಗೋತಾರೆ" ಎಂದು ಅವನು ಕೋಳಿ ಸಾರಿನ ಪುಡಿಯ ಡಬ್ಬಿಯೊಂದನ್ನು ಮುಂದಿಟ್ಟ. ಡಬ್ಬಿಯ ಮೇಲೆ ನಾಲಿಗೆ ಚಪ್ಪರಿಸುವ ಬೆಕ್ಕು. ಕಮಲಾಕ್ಷಮ್ಮ ಹಿಂದೆ ತಿರುಗಿಸಿದರು. ಸಣ್ಣಕ್ಷರದ ನಡುವೆ ಬೆರಳು ನಿಂತಿತು.

"ಒ... ನಿ... ಯನ್ ಪೌಡರ್. ಈರುಳ್ಳಿ ಪುಡಿ. ಬೇಡಪ್ಪ."

"ಚಿಟಿಕೆ ಅಷ್ಟೇ ಅಮ್ಮ."

"ದಿನಾ ಚಿಟಿಕೆ ಹಾಕಿದ್ರೆ ಅದರ ರಕ್ತ ಏನಾಗಬೇಕು? ಡಾಕ್ಟ್ರು ಹೇಳಿದಾರೆ, ನೀನೇ ಕೇಳು."

ಶ್ರೀರಂಜನಿ ಅಲ್ಲೇ ಶೃತಿಗೆ ಫೋನ್ ಮಾಡಿ ಅವನಿಗೇ ಕೊಟ್ಟಳು. ಕೇಳುತ್ತ ಕೇಳುತ್ತ ರಂಗನಾಥನ ಮುಖ ಗಂಭೀರವಾಯಿತು. ಫೋನ್ ವಾಪಸು ಕೊಟ್ಟು, ಬೆಕ್ಕಿನ ಸಾಲಿನಲ್ಲಿದ್ದ ಆ ಡಬ್ಬಿಗಳನ್ನೆಲ್ಲ ಇಳಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿದ. "ನಾನೂ ಓದಿರ್ಲಿಲ್ಲ ಅಮ್ಮ. ಒಳ್ಳೇದಾಯ್ತು ನೀವು ಬಂದಿದ್ದು" ಎಂದ.

ಹಾಲನ್ನು ಅಂದೇ ನಿಲ್ಲಿಸಿ, ಮೊಸರನ್ನವನ್ನು ಮಾತ್ರ ಒಮ್ಮೆಲೇ ಬಿಡಿಸದೆ, ಹೊಸದನ್ನು ದಿನಕ್ಕಿಷ್ಟು ಹೆಚ್ಚಿಸುತ್ತ ವಾರವಿಡೀ ಬದಲಾಯಿಸಿದರು. ಮೊದಲ ಪೌಚನ್ನು ಕತ್ತರಿಸಿದಾಗ ಕಮಲಾಕ್ಷಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ತಟ್ಟೆಗೆ ಸುರಿದು, ನೇರ ಬಚ್ಚಲಿಗೆ ನಡೆದರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಿಂಗಳು ಕಳೆಯುವುದರೊಳಗೆ ಮೂಗು ಮುಚ್ಚಿಕೊಳ್ಳುವುದೂ ನಿಂತಿತು. ಕಡಬಿಯ ಮೈ ತುಂಬಿ, ಕಪ್ಪು ತುಪ್ಪಳಕ್ಕೆ ಎಣ್ಣೆ ಹಚ್ಚಿದಂಥ ಮಿಂಚು ಬಂತು. ಒಂದು ಬೆಳಿಗ್ಗೆ ಅದು ಕಿಟಕಿಯ ಕಟ್ಟೆಯನ್ನೂ ದಾಟಿ ಬೀರುವಿನ ಮೇಲೆ ಹೋಗಿ ಕೂತಿತು. ಕಮಲಾಕ್ಷಮ್ಮ ಬೀದಿಗೆಲ್ಲ ಕೇಳಿಸುವಂತೆ ಮಗನನ್ನು ಕೂಗಿದರು.

ಮುಂದಿನ ತಪಾಸಣೆಯಲ್ಲಿ ಶೃತಿ ಕಡಬಿಯನ್ನು ತೂಕಕ್ಕಿಟ್ಟು ಎರಡೆರಡು ಸಲ ನೋಡಿದಳು. "ಇದು ಅದೇ ಬೆಕ್ಕಾ? ಇದರ ಊಟ ಯಾರು ನೋಡ್ಕೋತಿರೋದು?"

ರಘು ಬಾಯಿ ತೆರೆಯುವ ಮೊದಲೇ, "ನಾನೇ" ಎಂದರು ಕಮಲಾಕ್ಷಮ್ಮ, ಕುರ್ಚಿಯಲ್ಲಿ ನೆಟ್ಟಗೆ ಕೂತು.

ಆಮೇಲಿನಿಂದ ಪ್ರಾಣಿ ಸಾಕಿದ ಇಂಥ ವ್ರತ ನೇಮದ ಮನೆಗಳಿಗೆಲ್ಲ ಶೃತಿ ಕಮಲಾಕ್ಷಮ್ಮನವರ ನಂಬರ್ ಕೊಡತೊಡಗಿದಳು. ಮೊನ್ನೆ ಕುಣಿಗಲ್‌ನಿಂದ ರಂಗಲಕ್ಷ್ಮಮ್ಮ ಎಂಬಾಕೆ ಫೋನ್ ಮಾಡಿದ್ದರು. ಬೀದಿ ನಾಯಿ ಸಾಕಿಕೊಂಡಿದ್ದಾರೆ. ಮಿಕ್ಕಿದ ಬನ್ನು ಹಾಕಬಹುದೇ ಎಂದು ಕೇಳಿದರು.

"ಬನ್ನಲ್ಲಿ ದ್ರಾಕ್ಷಿ ಇದ್ಯಾ ನೋಡಿ" ಎಂದರು ಕಮಲಾಕ್ಷಮ್ಮ. "ಒಣದ್ರಾಕ್ಷಿ ನಾಯಿಗೆ ಕಿಡ್ನಿ ಕೆಡಿಸತ್ತೆ, ಒಂದೂ ಬೇಡ. ಅದಕ್ಕೆ ಈಗ ಏನು ತಂದಿದೀರಿ? ಪೊಟ್ಟಣ ಕೈಯಲ್ಲಿದ್ಯಾ? ಹ್ಞಾ, ಓದಿ. ನಿಧಾನಕ್ಕೆ ಓದಿ, ನನಗೇನೂ ಅವಸರ ಇಲ್ಲ."

ಒಲೆಯ ಮೇಲಿನ ಹುಳಿ ಉಕ್ಕುತ್ತಿತ್ತು. ಶ್ರೀರಂಜನಿ ಸದ್ದಿಲ್ಲದೆ ಬಂದು ಉರಿ ತಗ್ಗಿಸಿ ಹೋದಳು.