ಇಳಕಲ್ ಸೀರೆಯಲ್ಲಿ ಅಳೆದ ಹೆಜ್ಜೆ

ಯಾರನ್ನಾದರೂ ಮೊದಲ ಸಲ ಕಂಡಾಗ ನನ್ನ ಕಣ್ಣು ಮುಖಕ್ಕೆ ಹೋಗುವುದಿಲ್ಲ, ಪಾದಕ್ಕೆ ಹೋಗುತ್ತದೆ. ಫಿಸಿಯೋಥೆರಪಿ ಓದಿದ ಮೇಲೆ ಅಂಟಿಕೊಂಡ ಚಟ ಇದು. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಹರಪನಹಳ್ಳಿ ಬಸ್ಸಿಗೆ ಕಾಯುತ್ತ ಕೂತರೆ ಯಾರ ಮಂಡಿ ಸವೆದಿದೆ, ಯಾರ ಸೊಂಟ ಹಿಡಿದಿದೆ ಎಂದು ನೋಡುತ್ತಲೇ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಅದರ ಜೊತೆಗೆ ನನ್ನ ಕಣ್ಣಿಗೆ ತಪ್ಪುವುದೇನೂ ಇಲ್ಲ ಎಂಬ ಜಂಬವೂ ಇತ್ತು. ಆ ಜಂಬ ಇಳಿದ ಕಥೆ ಇದು.

ವಿಡಿಯೋ ತೆಗೆಯುವ ಫೋನುಗಳು ನಮ್ಮ ಕಡೆ ಆಗಷ್ಟೇ ಕೈಗೆ ಬರತೊಡಗಿದ್ದವು. ಕೊಟ್ಟೂರಿನಲ್ಲಿ ಔಷಧದಂಗಡಿಯೊಂದರ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ನಾನು ಕೆಲಸ ಶುರು ಮಾಡಿದ್ದೆ. ರೋಗಿಗಳದು ಒಂದೇ ದೂರು: ಏನೂ ಸುಧಾರಿಸಿಲ್ಲ. ದಿನಾ ನೋಡುವ ಕಾಲು ದಿನಾ ಅಷ್ಟೇ ಕಾಣುತ್ತದೆ. ಮೊದಲ ದಿನದ ನಡಿಗೆಯನ್ನು ಪಕ್ಕದಿಂದ ಫೋನಿನಲ್ಲಿ ಹಿಡಿದಿಟ್ಟು, ತಿಂಗಳ ಮೇಲೆ ಹಾಗೆಯೇ ಇನ್ನೊಮ್ಮೆ ಹಿಡಿದು, ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟರೆ ಹೇಗೆ ಎಂದು ಹೊಳೆದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಅದೇ ದಿನಗಳಲ್ಲಿ, ಊರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸೊಬ್ಬರು ಬಂದರು. ಸ್ಟೇಷನ್ ರಸ್ತೆಯ ಕಡೆ ಗಂಡ ಹೆಂಡತಿ ಸೇರಿ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದರು. ಅಕ್ಕನಿಗೆ ಐವತ್ತರ ಆಸುಪಾಸು. ಲಕ್ವ ಹೊಡೆದು ಎಡಗಾಲು ಸೋತಿತ್ತು. ಮಾತು ನೆಟ್ಟಗಿತ್ತು, ಕೈ ಬಹುಮಟ್ಟಿಗೆ ವಾಪಸು ಬಂದಿತ್ತು, ಪಾದ ಮಾತ್ರ ಏಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಹಟ ಹಿಡಿದು ಅಡುಗೆಮನೆಗೆ ಹೋಗಿ, ಒಲೆಯಿಂದ ಒಂದು ಮಾರು ದೂರದಲ್ಲಿ ಬಿದ್ದಿದ್ದರು. ಅಂದಿನಿಂದ ಯಜಮಾನರು ಅವರನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ರೊಟ್ಟಿ ಬಡಿಯಲು ಬೇರೆ ಹೆಂಗಸು ಬರುತ್ತಿದ್ದಳು. ಆ ರೊಟ್ಟಿಯ ವಾಸನೆ ಪಡಸಾಲೆಗೆ ಬಂದರೆ ಸಾಕು, ಅಕ್ಕ ಮುಖ ತಿರುಗಿಸುತ್ತಿದ್ದರು. ಅವರಿಗೆ ಬೇಕಾಗಿದ್ದು ಇಷ್ಟೇ: ತಾನು ಬಡಿದ ರೊಟ್ಟಿಯನ್ನು ತಾನೇ ಕೈಯಲ್ಲಿ ಹಿಡಿದು, ಗೋಡೆ ಮುಟ್ಟದೆ, ಉಣ್ಣುವವರ ತಾಟಿಗೆ ಹಾಕಬೇಕು.

ವಿಡಿಯೋ ಎಂದ ಕೂಡಲೇ ಯಜಮಾನರು ಗರಂ ಆದರು. ಹೆಣ್ಣುಮಕ್ಕಳನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚುತ್ತಾರೆಂಬ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಮುಖ ತೆಗೆಯುವುದಿಲ್ಲ, ಸೊಂಟದಿಂದ ಕೆಳಗೆ ಮಾತ್ರ, ನೀವು ನನ್ನ ಹಿಂದೆಯೇ ನಿಂತು ನೋಡಿ ಎಂದೆ. ಹಾಗಿದ್ದರೆ ಸರಿ ಎಂದು ಒಪ್ಪಿಕೊಂಡರು. ಒಪ್ಪಿದ ಮೇಲೆ ಅವರೇ ಅದನ್ನೊಂದು ಪರೀಕ್ಷೆ ಮಾಡಿಬಿಟ್ಟರು: ತಿಂಗಳ ನಂತರದ ವಿಡಿಯೋದಲ್ಲಿ ನಡಿಗೆ ಸುಧಾರಿಸಿದ್ದು ತಮ್ಮ ಕಣ್ಣಿಗೆ ಕಂಡರೆ ಮಾತ್ರ ಅಕ್ಕ ಒಲೆ ಮುಂದೆ ಕೂಡಬಹುದು.

ಅವರ ಪಡಸಾಲೆಗೆ ಕಡಪಾ ಕಲ್ಲು ಹಾಸಿತ್ತು. ಅಕ್ಕ ನಡೆಯುವ ದಾರಿಯುದ್ದಕ್ಕೂ ಅರ್ಧ ಅಡಿಗೊಂದು ಸುಣ್ಣದ ಗೆರೆ ಎಳೆದೆ. ಆ ದಾರಿಯ ಪಕ್ಕಕ್ಕೆ ಹನ್ನೆರಡು ಅಡಿ ದೂರದಲ್ಲಿ ಸ್ಟೂಲು, ಅದರ ಮೇಲೆ ಇಟ್ಟಿಗೆಗೆ ಒರಗಿಸಿದ ಫೋನು. ಸ್ಟೂಲಿನ ಕಾಲುಗಳ ಜಾಗಕ್ಕೂ ಗುರುತು ಮಾಡಿದೆ, ಏಕೆಂದರೆ ಫೋನು ಅರ್ಧ ಅಡಿ ಹಿಂದೆ ಮುಂದೆ ಸರಿದರೂ, ಕೊಂಚ ವಾರೆಯಾದರೂ ಹೋಲಿಕೆ ಕೆಡುತ್ತದೆ. ಹೋಗುವಾಗ ಎಡಗಾಲು ಫೋನಿನ ಕಡೆ, ಬರುವಾಗ ಬಲಗಾಲು. ಶುರುವಿನ ಮತ್ತು ಕೊನೆಯ ಹೆಜ್ಜೆಗಳನ್ನು ಬಿಟ್ಟು ನಡುವಿನವನ್ನು ಮಾತ್ರ ಅಳೆಯುವುದು. ಮಂಡಿ ಎಷ್ಟು ಬಾಗುತ್ತದೆ ಎಂಬುದೂ ಪಕ್ಕದಿಂದ ಕಾಣಬೇಕು, ಆದರೆ ಸೀರೆಯೊಳಗಿನ ಮಂಡಿ ಯಾವ ಫೋನಿಗೆ ಕಂಡೀತು. ಪಾದ ಹೇಳಿದಷ್ಟನ್ನೇ ಕೇಳೋಣ ಎಂದುಕೊಂಡೆ.

ಮೊದಲ ದಿನದ ಅಳತೆಯಲ್ಲಿ ಅಕ್ಕನ ಹೆಜ್ಜೆ ಒಂದು ಹಿಮ್ಮಡಿಯಿಂದ ಇನ್ನೊಂದು ಹಿಮ್ಮಡಿಗೆ ಸುಮಾರು ಒಂದಡಿ ಇತ್ತು.

ಆಮೇಲೆ ತಿಂಗಳು ಪೂರ್ತಿ ವ್ಯಾಯಾಮ. ಕುರ್ಚಿಯ ಮೇಲೆ ಕೂತು, ಹಿಮ್ಮಡಿ ನೆಲಕ್ಕೂರಿ ಪಾದದ ಮುಂಭಾಗ ಎತ್ತುವುದು. ಹೊಸ್ತಿಲ ಮೇಲೆ ಕಾಲಿಟ್ಟು ಹತ್ತಿ ಇಳಿಯಿರಿ ಎಂದಿದ್ದಕ್ಕೆ ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. ಹೊಸ್ತಿಲು ತುಳಿಯುವುದುಂಟೆ ಎಂದು ನನಗೂ ಆಮೇಲೆ ನಾಚಿಕೆಯಾಗಿ, ಎರಡು ದಪ್ಪ ಹಲಗೆ ಜೋಡಿಸಿ ಮೆಟ್ಟಿಲು ಮಾಡಿದೆ. ಹತ್ತು ಸಲ ಎಂದರೆ ಇಪ್ಪತ್ತು ಸಲ ಮಾಡುವ ಹೆಂಗಸು ಆಕೆ.

ತಿಂಗಳಾದ ಮೇಲೆ ಮತ್ತೆ ಅದೇ ಗೆರೆ, ಅದೇ ಸ್ಟೂಲು. ಹೆಜ್ಜೆ ಒಂದಡಿಯ ಮೇಲೆ ಆರು ಬೆರಳಗಲ ಬಂತು. ಗಂಡ ಹೆಂಡತಿಯನ್ನು ಕೋಣೆಗೆ ಕರೆಸಿ ಎರಡೂ ವಿಡಿಯೋಗಳನ್ನು ಅಕ್ಕಪಕ್ಕ ಓಡಿಸಿದೆ. ಎಡಗಡೆಯದರಲ್ಲಿ ಪುಟ್ಟ ಪುಟ್ಟ ಹೆಜ್ಜೆ, ಬಲಗಡೆಯದರಲ್ಲಿ ಬೀಸು ಹೆಜ್ಜೆ. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಾಡಿದ್ದು ಸೋಮವಾರದಿಂದ ರೊಟ್ಟಿ ಬಡಿ ಎಂದು ಹೆಂಡತಿಗೆ ಹೇಳಿ, ಆಟೋ ಕರೆಯಲು ಹೊರಗೆ ಹೋದರು. ಖುಷಿಗೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಅಕ್ಕ ಮಾತ್ರ ಏಳಲಿಲ್ಲ. ಇನ್ನೊಮ್ಮೆ ಓಡಿಸಿ ಎಂದರು, ಓಡಿಸಿದೆ. ಮತ್ತೊಮ್ಮೆ ಎಂದರು. ತನ್ನ ನಡಿಗೆಯನ್ನು ತಾನೇ ನೋಡುವುದು ಅವರಿಗೆ ಹೊಸದು, ಆಸೆಯಿಂದ ನೋಡುತ್ತಿದ್ದಾರೆ ಎಂದುಕೊಂಡೆ.

"ಡಾಕ್ಟರಮ್ಮ, ಇದು ನನ್ನ ಕಾಲಲ್ರಿ, ಸೀರಿ," ಎಂದರು.

ಮೊದಲ ದಿನ ವಿಡಿಯೋ ಎಂದು ಕೇಳಿ ಅವರು ಹೊಸ ಇಳಕಲ್ ಸೀರೆ ಉಟ್ಟಿದ್ದರು. ಫೋಟೋಕ್ಕೆ ನಿಲ್ಲುವಾಗ ಯಾರಾದರೂ ಮಾಸಿದ ಸೀರೆ ಉಡುತ್ತಾರೆಯೇ. ಮಡಿಕೆ ಬಿಚ್ಚದ ಬಿರುಸು ಸೀರೆ, ನಿರಿಗೆ ಬಿಗಿ, ಅಂಚು ಪಾದದ ಮೇಲೆ. ಎರಡನೆಯ ಸಲದ ಹೊತ್ತಿಗೆ ಫೋನಿನ ಸಂಕೋಚ ಹೋಗಿತ್ತು. ಮನೆಯಲ್ಲಿ ಉಡುವ ಹಳೆಯ ನೂಲಿನ ಸೀರೆಯನ್ನು ತುಸು ಎತ್ತಿ ಸಿಕ್ಕಿಸಿಕೊಂಡೇ ನಡೆದಿದ್ದರು. ಸ್ಟೂಲಿನ ಕಾಲಿಗೆ ಗುರುತು ಮಾಡಿದವಳಿಗೆ ರೋಗಿಯ ಸೀರೆ ಕಂಡಿರಲಿಲ್ಲ.

ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಿದ್ದ ಸಿಟ್ಟು ಅವರ ಮೇಲೆ ಬಂತು. ಸೀರೆಯಿಂದ ಅಷ್ಟೆಲ್ಲ ವ್ಯತ್ಯಾಸ ಆಗುವುದಿಲ್ಲ, ನಿಮ್ಮ ಕೆಲಸಕ್ಕೆ ನೀವೇ ಯಾಕೆ ಕಲ್ಲು ಹಾಕಿಕೊಳ್ಳುತ್ತೀರಿ ಎಂದು ರೇಗಿದೆ. ಅಕ್ಕ ನನ್ನ ಚೂಡಿದಾರವನ್ನು ಮೇಲಿಂದ ಕೆಳಗೆ ನೋಡಿ, ನಾಳೆ ಮನೆಗೆ ಬನ್ನಿ ಎಂದಷ್ಟೇ ಹೇಳಿದರು.

ಮರುದಿನ ಹೋದರೆ ಇಳಕಲ್ ಸೀರೆ ನನಗಾಗಿ ಕಾಯುತ್ತಿತ್ತು. ಅಕ್ಕ ಕುರ್ಚಿಯಲ್ಲಿ ಕೂತೇ ನಿರಿಗೆ ಹಿಡಿದು ನನಗೆ ಉಡಿಸಿದರು. ಮೊದಲು ಚೂಡಿದಾರದಲ್ಲಿ ನಡೆದು ವಿಡಿಯೋ ಮಾಡಿಕೊಂಡಿದ್ದೆ, ಈಗ ಸೀರೆಯಲ್ಲಿ ಅದೇ ಗೆರೆಗಳ ಮೇಲೆ ನಡೆದೆ. ನನ್ನ ಎರಡೂ ಕಾಲು ಗಟ್ಟಿಮುಟ್ಟು, ಆದರೂ ಹೆಜ್ಜೆ ಗಿಡ್ಡವಾಯಿತು. ಕಾಲು ಮುಂದೆ ಹೋಗುವಷ್ಟರಲ್ಲಿ ಬಟ್ಟೆ ಹಿಡಿಯುತ್ತಿತ್ತು. ಫೋನು ನೋಡಿ ನಗು ಬಂತು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಇದನ್ನು ಪೂರ್ತಿ ತಿಳಿದೇ ತೀರಬೇಕೆಂಬ ಕುತೂಹಲವೊಂದೇ ಉಳಿಯಿತು.

ಆದರೆ ಕುತೂಹಲ ನನ್ನದು, ಒಲೆ ಅಕ್ಕನದು. ಯಜಮಾನರು ಒಪ್ಪಿಯಾಗಿದೆ, ಸೋಮವಾರಕ್ಕೆ ಒಂದೇ ದಿನ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮತ್ತೆ ಅಳೆದು ಹೆಜ್ಜೆ ಮೊದಲಿನಷ್ಟೇ ಬಂದರೆ ಒಲೆ ಕೈತಪ್ಪುತ್ತದೆ. ಇದನ್ನು ನಾನು ಬಾಯಿಬಿಟ್ಟೇ ಹೇಳಿದೆ, ಹೇಳಿದ್ದಕ್ಕೆ ಈಗಲೂ ನಾಚಿಕೆಯಿದೆ.

ಅಕ್ಕ ಸೀರೆ ಇಸಿದುಕೊಂಡು, "ಸುಳ್ಳು ಹೆಜ್ಜಿ ನಂಬಿ ಒಲಿ ಮುಂದ ಹೋದ್ರ ಬೀಳಾಕಿ ನಾನ ಅಲ್ಲೇನ್ರಿ?" ಎಂದರು.

ಅದೇ ಸೀರೆ, ಅದೇ ಬಿಗಿ ನಿರಿಗೆ ಉಟ್ಟು ಅಕ್ಕ ನಡೆದರು. ನಾಲ್ಕು ಸಲ ಹೋಗಿ ಬಂದರು. ಗೋಡೆ ಮುಟ್ಟಲಿಲ್ಲ. ಹೆಜ್ಜೆ ಒಂದಡಿಯ ಮೇಲೆ ಎರಡು ಬೆರಳು ಬಂತು, ಅಷ್ಟೇ. ಸಂಜೆ ಕೋಣೆಯಲ್ಲಿ ಯಜಮಾನರ ಮುಂದೆ ಅಕ್ಕನೇ ವಿಷಯ ತೆಗೆದರು. "ಎರಡು ಬೆಳ್ಳು ನನ್ನವು. ಉಳಿದ ನಾಕು ಸೀರೀವು," ಎಂದರು.

ಯಜಮಾನರ ಮುಖ ಇಳಿಯಿತು. ಅವರು ಕೆಟ್ಟವರಲ್ಲ, ಹೆದರಿದ್ದವರು. ತಿಂಗಳು ಪೂರ್ತಿ ಮಾಡಿದ್ದಕ್ಕೆ ಇಷ್ಟೇನಾ ಎಂಬಂತೆ ನನ್ನ ಕಡೆ ನೋಡಿದರು.  ನಾನು ಇಳಕಲ್ ಸೀರೆಯ ಎರಡೂ ವಿಡಿಯೋಗಳನ್ನು ಅಕ್ಕಪಕ್ಕ ಓಡಿಸಿದೆ. ಈಗ ಸೀರೆ ಒಂದೇ, ನೆಲ ಒಂದೇ, ದೂರ ಒಂದೇ. ಬೇರೆಯಾಗಿ ಏನಾದರೂ ಕಂಡರೆ ಅದು ಕಾಲಿನದೇ ಆಗಿರಬೇಕು.

ಮೊದಲು ಕಂಡಿದ್ದು ಯಜಮಾನರಿಗೆ. ಎಡಗಡೆಯ ಚಿತ್ರದಲ್ಲಿ ಸೀರೆಯ ಅಂಚಿನ ಮೇಲೆ ಬೆರಳಿಟ್ಟು, "ಅವತ್ತ ಬಿದ್ದಾಗೂ ಹಿಂಗ ಕಾಲಿಗೆ ಸೀರಿ ಸಿಕ್ಕಿತ್ತು," ಎಂದರು.

ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಚಿತ್ರ ಸರಿಸಿದೆ. ಆ ಫೋನು ಸೆಕೆಂಡಿಗೆ ಹದಿನೈದು ಚಿತ್ರ ಹಿಡಿಯುತ್ತಿತ್ತು. ಬೀಸುವ ಕಾಲು ಮಸುಕಾಗುತ್ತದೆ, ನೆಲ ಮುಟ್ಟುವ ಗಳಿಗೆ ಎರಡು ಚಿತ್ರಗಳ ನಡುವೆ ತಪ್ಪಿಹೋಗುವುದೂ ಉಂಟು, ಹಾಗಾಗಿ ಒಂದು ಹೆಜ್ಜೆ ನಂಬದೆ ಎಲ್ಲ ಸಲದ ನಡುವಿನ ಹೆಜ್ಜೆಗಳನ್ನೂ ನೋಡಿದೆ. ಮೊದಲ ದಿನ ಎಡಪಾದದ ಬೆರಳು ನೆಲ ಸವರುತ್ತ ಬಂದು, ಅಂಚನ್ನು ತಳ್ಳಿ, ಪಾದ ಒಮ್ಮೆಲೇ ಚಪ್ಪಟೆಯಾಗಿ ಬೀಳುತ್ತಿತ್ತು. ಈಗ ಹೆಚ್ಚುಕಡಿಮೆ ಪ್ರತಿ ಹೆಜ್ಜೆಯಲ್ಲೂ ಬೆರಳು ಮೇಲೆ, ಹಿಮ್ಮಡಿ ಮೊದಲು. ಬೆರಳಿನ ಕೆಳಗೆ ಸಣ್ಣ ಸಂದು, ಆ ಸಂದಿನಲ್ಲಿ ಕಡಪಾ ಕಲ್ಲು ಕಾಣುತ್ತಿತ್ತು. ತಿಂಗಳ ವ್ಯಾಯಾಮವೆಲ್ಲ ಅಲ್ಲಿತ್ತು. ಹೆಜ್ಜೆಯ ಉದ್ದ ಅಳೆಯುವ ಸಡಗರದಲ್ಲಿ ನಾನು ಪಾದ ಬೀಳುವ ಬಗೆಯನ್ನು ನೋಡಿಯೇ ಇರಲಿಲ್ಲ. ಅಕ್ಕನನ್ನು ಬೀಳಿಸಿದ್ದು ಹೆಜ್ಜೆಯ ಗಿಡ್ಡತನವಲ್ಲ, ಏಳದ ಬೆರಳು.

ಯಜಮಾನರು ಆ ಸಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಸೋಮವಾರದಿಂದ ಒಲೆ ಮುಂದೆ ಕೂತು ಬಡಿ, ಎದ್ದು ಓಡಾಡುವುದು ಇನ್ನೊಂದು ವಿಡಿಯೋ ಆದ ಮೇಲೆ ಎಂದರು. ನಾನೂ ಅದನ್ನೇ ಹೇಳುವವಳಿದ್ದೆ. ಅಕ್ಕ ಒಪ್ಪಿದರು. ಆ ಇಳಕಲ್ ಸೀರೆಯನ್ನು ಮಾತ್ರ ಬೇರೆ ಯಾವುದಕ್ಕೂ ಉಡದೆ, ಅಳತೆಯ ದಿನಕ್ಕೆಂದೇ ಮಡಿಸಿಟ್ಟರು. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ರೋಗಿಯ ಹೆಸರಿನ ಪಕ್ಕ ಉಟ್ಟ ಬಟ್ಟೆಯನ್ನೂ ಬರೆಯತೊಡಗಿದೆ.

ಇನ್ನೂ ಎರಡು ಸಲ ಅಳೆದೆವು. ಅದಾದ ಕೆಲವು ದಿನಕ್ಕೆ ಮಧ್ಯಾಹ್ನ ಅವರ ಖಾನಾವಳಿಗೆ ಉಣ್ಣಲು ಹೋದೆ. ಹೇಳಿ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಅಕ್ಕ ಬಂದರು, ಹಳೆಯ ನೂಲಿನ ಸೀರೆ, ಬಲಗೈಯಲ್ಲಿ ಬಿಸಿ ರೊಟ್ಟಿ. ಎಡಗೈ ಗೋಡೆಯ ಪಕ್ಕದಲ್ಲೇ ಬಂತು, ಮುಟ್ಟಲಿಲ್ಲ. ಹಿಮ್ಮಡಿ, ಆಮೇಲೆ ಬೆರಳು. ಹಿಮ್ಮಡಿ, ಆಮೇಲೆ ಬೆರಳು. ನಾನು ತಲೆ ಎತ್ತದೆ ಅವರ ಪಾದವನ್ನೇ ನೋಡುತ್ತ ಕೂತೆ. ರೊಟ್ಟಿ ತಾಟಿಗೆ ಬಿತ್ತು.

"ಕಾಲು ನೋಡಿದ್ದು ಸಾಕು," ಎಂದರು ಅಕ್ಕ. "ಉಣ್ರಿ, ರೊಟ್ಟಿ ಆರ್ತೈತಿ."